ಹತ್ತನೇ ತಾರೀಖಿನ ಕಡಿತ: ಆರ್‌ಡಿಗೆ ಒಂದು ದಾರಿ, ಫೈನಾನ್ಸಿಗೆ ಇನ್ನೊಂದು

ಪ್ರಶ್ನೆ: ನಮಸ್ಕಾರ ಸರ್. ನಾವು ಗದಗ-ಬೆಟಗೇರಿಯವ್ರು, ನನ್ನದು ಹೊಲಿಗಿ ಅಂಗಡಿ ಐತಿ. ನನ್ನ ಉಳಿತಾಯ ಖಾತೆಯಿಂದ ಪ್ರತಿ ತಿಂಗಳು 10ಕ್ಕ ಎರಡು ಕಂತು ತಾವ ಕಟ್ ಆಗ್ತಾವ. ಅದೇ ಬ್ಯಾಂಕಿನ ಆರ್‌ಡಿಗೆ 2,000, ಸ್ಕೂಟಿ ಸಾಲಕ್ಕ ಹುಬ್ಬಳ್ಳಿಯ ಒಂದು ಫೈನಾನ್ಸಿಗೆ 3,180. ಸಾಲ ಮೊನ್ನೆ 24ಕ್ಕ ಪೂರ್ತಿ ಮುಟ್ಟಿಸೀನಿ. ಮಗಳ ಫೀ ತುಂಬೂದೈತಿ, ಆರ್‌ಡಿನೂ ಸದ್ಯಕ್ಕ ನಿಲ್ಲಿಸಬೇಕು. ಅಟಲ್ ಪಿಂಚಣಿದು ಮಾತ್ರ ನಡೀಲಿ. ಬ್ಯಾಂಕಿನ್ಯಾಗ ಕೇಳಿದ್ರ ಫೈನಾನ್ಸಿನವ್ರನ್ನ ಕೇಳ್ರಿ ಅಂತಾರ, ಅವ್ರು ಬ್ಯಾಂಕಿನ್ಯಾಗ ಕೇಳ್ರಿ ಅಂತಾರ. ನಮ್ಮಣ್ಣ 'ರೊಕ್ಕ ಎಲ್ಲಾ ತಗದು ಖಾತೆ ಖಾಲಿ ಇಡು, ತಾನ ನಿಲ್ತದ' ಅಂತಾನ. ಮುಂದಿನ 10 ಸೋಮವಾರ ಬರ್ತದ. ಏನ್ ಮಾಡ್ಲಿ?

ಉತ್ತರ: ಮೊದಲು ಅಣ್ಣನವರ ಸಲಹೆಯನ್ನು ಪಕ್ಕಕ್ಕಿಡಿ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಆ ತಿಂಗಳ ಕಂತು ವಾಪಸ್ ಹೋಗುತ್ತದೆಯೇ ಹೊರತು ಕಂತು ತೆಗೆಯಿರಿ ಎಂದು ನೀವು ಕೊಟ್ಟಿರುವ ಆದೇಶ ಸಾಯುವುದಿಲ್ಲ. ವಾಪಸ್ ಹೋದದ್ದಕ್ಕೆ ನಿಮ್ಮ ಬ್ಯಾಂಕು ಶುಲ್ಕ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಖಾತೆಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಆ ಶುಲ್ಕ ಬಾಕಿ ನಿಂತು, ನಾಳೆ ಗಿರಾಕಿಯೊಬ್ಬರು ರವಿಕೆ ಹೊಲಿಸಿದ ಕೂಲಿಯನ್ನು ಫೋನಿನಲ್ಲಿ ಹಾಕಿದ ಕೂಡಲೇ ಹೋಗುತ್ತದೆ. ನೀವು ಉಳಿಸಿಕೊಳ್ಳಬೇಕೆಂದಿರುವ ಅಟಲ್ ಪಿಂಚಣಿಯ ಕಂತೂ ಅದೇ ಖಾತೆಯಿಂದ ಹೋಗುವುದು. ಖಾತೆ ಖಾಲಿಯಿದ್ದರೆ ತಪ್ಪುವುದು ಅದೇ.

ಇನ್ನೂ ಸಾಲ ಬಾಕಿ ಇರುವವರಿಗೆ ಈ ಉಪಾಯ ಇನ್ನಷ್ಟು ಅಪಾಯದ್ದು. ಚೆಕ್ ಬೌನ್ಸ್ ಆದರೆ ಕೇಸು ಬೀಳುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಖಾತೆಯಿಂದ ತಾನೇ ಕಟ್ ಆಗುವ ಕಂತು ಹಣ ಸಾಲದೆ ವಾಪಸ್ ಹೋದರೂ ಅದೇ ರೀತಿಯ ಕೇಸಿಗೆ ದಾರಿ ಇದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಅದನ್ನು ಹೇಳುತ್ತದೆ. ಸಾಲ ಕೊಟ್ಟವರು ನೋಟಿಸ್ ಕೊಟ್ಟು, ಅದು ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಿಮ್ಮ ಸಾಲ ಮುಟ್ಟಿದೆ, ಆದ್ದರಿಂದ ನಿಮಗೆ ಆ ಹೆದರಿಕೆ ಇಲ್ಲ. ಆದರೆ ಅಣ್ಣನವರು ಇದೇ ಸಲಹೆಯನ್ನು ಓಣಿಯಲ್ಲಿ ಮತ್ತೊಬ್ಬರಿಗೆ ಕೊಡದಿರಲಿ.

ಇನ್ನು ನಿಮ್ಮ ಎರಡು ಕಂತುಗಳು. ನೋಡುವುದಕ್ಕೆ ಎರಡೂ ಒಂದೇ ದಿನ ಒಂದೇ ಖಾತೆಯಿಂದ ಹೋಗುತ್ತವೆ. ಆದರೆ ಒಂದನ್ನು ನಿಮ್ಮ ಬ್ಯಾಂಕು ತಾನೇ ಕಳಿಸುತ್ತದೆ, ಇನ್ನೊಂದನ್ನು ಹೊರಗಿನವರು ಬಂದು ಎಳೆದುಕೊಳ್ಳುತ್ತಾರೆ. ಬ್ಯಾಂಕಿನವರು ಅತ್ತ, ಫೈನಾನ್ಸಿನವರು ಇತ್ತ ತೋರಿಸುತ್ತಿರುವುದಕ್ಕೆ ಅರ್ಧ ಕಾರಣ ಇದೇ. ನೀವು 'ಎರಡೂ ಕಟ್ ಆಗೋದು ನಿಲ್ಲಿಸ್ರಿ' ಎಂದು ಒಂದೇ ಉಸಿರಿನಲ್ಲಿ ಕೇಳಿದಿರಿ, ಕೌಂಟರಿನಲ್ಲಿದ್ದವರು ಅದರಲ್ಲಿ ಒಂದನ್ನು ಮಾತ್ರ ಹಿಡಿದು ಉತ್ತರ ಕೊಟ್ಟರು. ಪಾಸ್‌ಬುಕ್ ಎಂಟ್ರಿ ಹೊಡೆಸಿಕೊಂಡು ಕಳೆದ 10ನೇ ತಾರೀಖಿನ ಸಾಲುಗಳನ್ನು ನೋಡಿ. ಆರ್‌ಡಿಯ ಸಾಲಿನಲ್ಲಿ ಸಾಮಾನ್ಯವಾಗಿ SI ಎಂದೋ, ನಿಮ್ಮದೇ ಆರ್‌ಡಿ ನಂಬರೋ ಇರುತ್ತದೆ. ಫೈನಾನ್ಸಿನ ಸಾಲಿನಲ್ಲಿ, ಹೀಗೆ ಹೊರಗಿನವರು ಎಳೆದುಕೊಳ್ಳುವ ನ್ಯಾಚ್ ವ್ಯವಸ್ಥೆಯ ಗುರುತಾಗಿ, NACH ಅಥವಾ ACH ಎಂಬ ಅಕ್ಷರಗಳು, ಜೊತೆಗೆ ಕಂಪನಿಯ ಹೆಸರಿನ ತುಂಡು ಇರುತ್ತದೆ. ಈ ಎರಡು ಸಾಲಿನ ಝೆರಾಕ್ಸ್ ಕೈಯಲ್ಲಿದ್ದರೆ ಕೌಂಟರಿನ ಮಾತು ಅರ್ಧಕ್ಕೆ ಅರ್ಧ ಕಡಿಮೆಯಾಗುತ್ತದೆ.

ಆರ್‌ಡಿಯದು ಸುಲಭ, ಅದನ್ನು ಮೊದಲು ಮುಗಿಸೋಣ. ನೀವು ಆರ್‌ಡಿ ತೆರೆದ ದಿನ 'ಪ್ರತಿ 10ಕ್ಕೆ ಇಷ್ಟು ಅಲ್ಲಿಗೆ ಹಾಕಿ' ಎಂದು ಸಹಿ ಮಾಡಿದ್ದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಒಂದು ನಂಬರಿನೊಂದಿಗೆ ಕೂತಿರುತ್ತದೆ. ಶಾಖೆಯವರು ಅದನ್ನು ತೆರೆದು ರದ್ದು ಮಾಡಿದರೆ ಆಯಿತು, ಹೊರಗಿನವರ ಒಪ್ಪಿಗೆ ಯಾರದೂ ಬೇಡ. ನೆಟ್ ಬ್ಯಾಂಕಿಂಗಿನಲ್ಲಿ ನೀವೇ ಹಾಕಿಕೊಂಡ ಆದೇಶವಾಗಿದ್ದರೆ ಅಲ್ಲೇ ತೆಗೆಯಲೂಬಹುದು. ಆದರೆ ಮೂರು ಮಾತು ನೆನಪಿರಲಿ. ಕಂತು ತೆಗೆಯುವ ಕೆಲಸವನ್ನು ಕಂಪ್ಯೂಟರು ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ, ರಾತ್ರಿಯ ಅಥವಾ ಬೆಳಗಿನ ಜಾವದ ಲೆಕ್ಕದಲ್ಲಿ ಮುಗಿಸಿರುತ್ತದೆ. ಆದ್ದರಿಂದ 10ರ ಬೆಳಿಗ್ಗೆ ಹತ್ತೂವರೆಗೆ ಅರ್ಜಿ ಹಿಡಿದು ಹೋದರೆ ಕಂತು ಆಗಲೇ ಹೋಗಿರುತ್ತದೆ. ಎರಡನೆಯದು, ರಜೆಯ ದಿನ ತಾರೀಖು ಬಂದರೆ ಮುಂಚಿನ ಕೆಲಸದ ದಿನ ತೆಗೆಯಬೇಕೋ ಮಾರನೆಯ ದಿನ ತೆಗೆಯಬೇಕೋ ಎಂಬುದನ್ನೂ ಆದೇಶ ಹಾಕುವಾಗಲೇ ಕಂಪ್ಯೂಟರಿಗೆ ಹೇಳಿರಬಹುದು. ಮುಂಚಿನ ದಿನ ಎಂದಿದ್ದರೆ ನಿಮ್ಮ ಗಡುವು ಇನ್ನೂ ಹಿಂದೆ ಸರಿಯುತ್ತದೆ. ಈ ಸಲ 10 ಸೋಮವಾರ, ನಿಮಗೆ ಅದರ ತೊಂದರೆ ಇಲ್ಲ. ಮೂರನೆಯದು, ಹಣ ಸಾಲದೆ ಒಂದು ದಿನ ಕಂತು ತಪ್ಪಿದರೆ ಕೆಲವು ಬ್ಯಾಂಕಿನ ಕಂಪ್ಯೂಟರು ಮುಂದಿನ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹತ್ತಕ್ಕೆ ಖಾಲಿ ಇಟ್ಟು ಹನ್ನೆರಡಕ್ಕೆ ದುಡ್ಡು ಹಾಕಿದವರ ಕಂತು ಹನ್ನೆರಡಕ್ಕೇ ಹೋದದ್ದನ್ನು ಕೌಂಟರಿನಲ್ಲಿ ಕೂತವರೆಲ್ಲ ನೋಡಿರುತ್ತಾರೆ.

ಆರ್‌ಡಿಯ ಆದೇಶ ನಿಲ್ಲಿಸಿದರೆ ಆರ್‌ಡಿ ಮುಚ್ಚಿದಂತಾಗುವುದಿಲ್ಲ. ಕಂತು ತಪ್ಪಿದ ಪ್ರತಿ ತಿಂಗಳಿಗೂ ಚಿಲ್ಲರೆ ದಂಡ ಬೀಳಬಹುದು. ಫೀ ತುಂಬುವವರೆಗೆ ಒಂದೆರಡು ತಿಂಗಳ ಮಟ್ಟಿಗೆ ನಿಲ್ಲಿಸುವುದಾದರೆ ಆದೇಶ ಮಾತ್ರ ರದ್ದು ಮಾಡಿಸಿ, ಮುಂದೆ ಕೈಯಿಂದ ಕಟ್ಟಿ. ಇನ್ನು ಕಟ್ಟುವುದೇ ಇಲ್ಲ ಎಂದಾದರೆ ಅವಧಿಗೆ ಮುಂಚೆ ಮುಚ್ಚಿದರೆ ಬಡ್ಡಿ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿ ನಿರ್ಧರಿಸಿ. ನನ್ನ ಮಾತು ಕೇಳುವುದಾದರೆ ಮುಚ್ಚಬೇಡಿ.

ಈಗ ಫೈನಾನ್ಸಿನ 3,180ಕ್ಕೆ ಬರೋಣ. ತಲೆನೋವು ಇರುವುದು ಇಲ್ಲೇ. ಸಾಲ ತೆಗೆದುಕೊಂಡ ದಿನ ಶೋರೂಮಿನಲ್ಲಿ ಹತ್ತಾರು ಕಾಗದಕ್ಕೆ ಸಹಿ ಹಾಕಿದಿರಲ್ಲ, ಅದರಲ್ಲಿ ಅಡ್ಡ ಉದ್ದದ ಒಂದು ಫಾರಂ 'ನನ್ನ ಖಾತೆಯಿಂದ ಈ ಕಂಪನಿಗೆ ಹಣ ಕೊಡಿ' ಎಂದು ನಿಮ್ಮ ಬ್ಯಾಂಕಿಗೆ ಬರೆದದ್ದು. ಅದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ಈಚೆಗೆ ಸಾಲ ತೆಗೆದವರು ಅದನ್ನು ಕಾಗದದ ಬದಲು ಫೋನಿನಲ್ಲಿ ಡೆಬಿಟ್ ಕಾರ್ಡಿನಿಂದಲೋ ಆಧಾರ್ ಒಟಿಪಿಯಿಂದಲೋ ಒಪ್ಪಿರುತ್ತಾರೆ. ಅದು ಬ್ಯಾಂಕು-ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಮೂಲಕ ನೋಂದಣಿಯಾಗಿ, 20 ಅಕ್ಷರ-ಅಂಕಿಗಳ UMRN ಎಂಬ ಗುರುತು ಪಡೆದಿದೆ. ಪ್ರತಿ ತಿಂಗಳು ಕಂಪನಿಯು ಈ ತಾರೀಖಿಗೆ ಯಾರ್ಯಾರಿಂದ ಎಷ್ಟೆಷ್ಟು ವಸೂಲಿ ಎಂದು ಒಂದು ಫೈಲು ಮಾಡಿ ತನ್ನ ಬ್ಯಾಂಕಿಗೆ ಕೊಡುತ್ತದೆ. ಆ ಬ್ಯಾಂಕು ಎನ್‌ಪಿಸಿಐಗೆ ಕಳಿಸುತ್ತದೆ, ಎನ್‌ಪಿಸಿಐ ನಿಮ್ಮ ಬ್ಯಾಂಕಿಗೆ ತಲುಪಿಸುತ್ತದೆ, ನಿಮ್ಮ ಬ್ಯಾಂಕು ಮ್ಯಾಂಡೇಟ್ ಇದೆಯೇ ಎಂದು ನೋಡಿ ಹಣ ಕೊಡುತ್ತದೆ.

ನೀವು 24ಕ್ಕೆ ಸಾಲ ಮುಟ್ಟಿಸಿದಾಗ ಕಂಪನಿಯ ಸಾಲದ ಪುಸ್ತಕ ಮುಚ್ಚಿತು. ಮ್ಯಾಂಡೇಟ್ ಮಾತ್ರ ಹಾಗೇ ಉಳಿದಿದೆ, ಏಕೆಂದರೆ ಅದನ್ನು ತೆಗೆಯುವುದು ಬೇರೆಯೇ ಕೆಲಸ, ಎಷ್ಟೋ ಕಡೆ ಬೇರೆಯೇ ವಿಭಾಗ. ಮ್ಯಾಂಡೇಟಿನ ಮೇಲಿನ ಕೊನೆಯ ತಾರೀಖು ಸಾಲದ ಕೊನೆಯ ಕಂತಿಗಿಂತ ಮುಂದಕ್ಕಿರುವುದು, ಗರಿಷ್ಠ ಮೊತ್ತ ಕಂತಿಗಿಂತ ಹೆಚ್ಚಿರುವುದು ಸಾಮಾನ್ಯ. ನಿಮ್ಮ ಪ್ರತಿ ಇದ್ದರೆ ತೆಗೆದು ನೋಡಿ, 3,180ರ ಕಂತಿಗೆ 5,000 ಅಥವಾ 10,000ದವರೆಗೆ ಎಂದು ಬರೆದಿರಬಹುದು. ಅದರಿಂದ ಮೋಸ ಆಗಿಯೇ ಬಿಡುತ್ತದೆ ಎಂದಲ್ಲ. ಆದರೆ ಕಂಪನಿಯ ಫೈಲಿನಲ್ಲಿ ನಿಮ್ಮ ಹೆಸರು ಅಪ್ಪಿತಪ್ಪಿ ಉಳಿದುಬಿಟ್ಟರೆ ನಿಮ್ಮ ಬ್ಯಾಂಕಿಗೆ ತಡೆಯಲು ಕಾರಣವೇ ಇರುವುದಿಲ್ಲ. ಮುಂಚಿತವಾಗಿ ಸಾಲ ಮುಟ್ಟಿಸಿದವರಿಗೆ 'ಮತ್ತೊಂದು ಕಂತು ಹೋಯ್ತಲ್ಲ' ಎಂದು ಆಗುವುದು ಹೆಚ್ಚಾಗಿ ಹೀಗೇ. ಸಾಲ ಮುಚ್ಚಿದ ಸುದ್ದಿ ಫೈಲು ಮಾಡುವವರ ಮೇಜಿಗೆ ತಲುಪುವ ಮುಂಚೆ ಫೈಲು ಹೊರಟುಹೋಗಿರುತ್ತದೆ.

ಆದ್ದರಿಂದ ದಿನಗಳನ್ನು 10ನೇ ತಾರೀಖಿನಿಂದ ಎಣಿಸಬೇಡಿ, ಫೈಲು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ನಿಮ್ಮ ವಿಷಯದಲ್ಲಿ 10 ಸೋಮವಾರ. 9 ಭಾನುವಾರ, 8 ಎರಡನೇ ಶನಿವಾರ, ಎರಡು ದಿನ ಬ್ಯಾಂಕಿನ ಬಾಗಿಲು ಹಾಕಿರುತ್ತದೆ. ಬಾಗಿಲು ಹಾಕಿದ್ದರೂ ಕಡಿತ ನಿಲ್ಲುವುದಿಲ್ಲ, ಏಕೆಂದರೆ 2021ರ ಆಗಸ್ಟ್ 1ರಿಂದ ನ್ಯಾಚ್ ವ್ಯವಸ್ಥೆ ಭಾನುವಾರ, ಹಬ್ಬ ಎನ್ನದೆ ಎಲ್ಲ ದಿನವೂ ನಡೆಯುತ್ತದೆ. ಮುಂಚೆ ರಜೆಯ ದಿನ ಬಂದ ಕಂತು ಮಾರನೇ ದಿನಕ್ಕೆ ಹೋಗುತ್ತಿತ್ತು, ಆ ಲೆಕ್ಕ ಈಗ ಇಲ್ಲ. ಕಂಪನಿಯ ಫೈಲು ಗುರುವಾರ 6 ಅಥವಾ ಶುಕ್ರವಾರ 7ಕ್ಕೇ ತಯಾರಾಗಿರಬಹುದು. ನಿಮ್ಮ ಅರ್ಜಿ ಶಾಖೆಯಿಂದ ಮ್ಯಾಂಡೇಟ್ ನೋಡುವ ವಿಭಾಗಕ್ಕೆ ಹೋಗಿ ಅಲ್ಲಿ ರದ್ದಾಗುವುದಕ್ಕೂ ಒಂದೆರಡು ಕೆಲಸದ ದಿನ ಬೇಕು. ಹಾಗಾಗಿ ಅರ್ಜಿ ಕೊಡಲು ಸೋಮವಾರ 3 ನಿಮ್ಮ ಕೊನೆಯ ನೆಮ್ಮದಿಯ ದಿನ. 1ನೇ ತಾರೀಖು ಮೊದಲ ಶನಿವಾರ, ಬ್ಯಾಂಕು ತೆರೆದಿರುತ್ತದೆ. ಆ ದಿನವೇ ಹೋದರೆ ಇನ್ನೂ ಒಳ್ಳೆಯದು.

ಹೋಗಬೇಕಾದದ್ದು ಎರಡೂ ಕಡೆ, ಒಂದೇ ದಿನ. ಫೈನಾನ್ಸಿಗೆ ಹೇಳುವುದು ಫೈಲಿನಲ್ಲಿ ನಿಮ್ಮ ಹೆಸರು ಹಾಕದಿರಲಿ ಎಂದು. ಬ್ಯಾಂಕಿಗೆ ಹೇಳುವುದು ಹೆಸರು ಬಂದರೂ ಹಣ ಕೊಡದಿರಲಿ ಎಂದು. ಹುಬ್ಬಳ್ಳಿಗೆ ಬಸ್ಸು ಹತ್ತಿ ಹೋಗುವ ಅಗತ್ಯವಿಲ್ಲ, ಸಾಲದ ಕಾಗದದ ಮೇಲಿರುವ ಇಮೇಲಿಗೆ ಬರೆದರೆ ಸಾಕು, ಅದಕ್ಕೆ ತಾರೀಖು-ಸಮಯದ ಸಾಕ್ಷಿಯೂ ಇರುತ್ತದೆ. ಇಮೇಲಿನಲ್ಲಿ ಸಾಲದ ನಂಬರು, 24ರಂದು ಕಟ್ಟಿದ ರಸೀದಿ ಲಗತ್ತಿಸಿ ಮೂರು ವಿಷಯ ಕೇಳಿ: ಬಾಕಿ ಇಲ್ಲವೆಂಬ ಪತ್ರ, ಮ್ಯಾಂಡೇಟ್ ರದ್ದು ಮಾಡಿದ ಖಾತ್ರಿ, ಜೊತೆಗೆ ಮುಂದಿನ 10ರ ಫೈಲಿನಲ್ಲಿ ನನ್ನ ಕಂತು ಹೋಗಿದೆಯೇ ಎಂಬುದಕ್ಕೆ ನೇರ ಉತ್ತರ. ಕಂಪನಿಯ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಫೋನ್ ಮಾಡಬೇಡಿ. ಮ್ಯಾಂಡೇಟ್ ರದ್ದು ಮಾಡಿಕೊಡುತ್ತೇವೆ ಎಂದು ಫೋನಿನಲ್ಲಿ ಆ್ಯಪ್ ಹಾಕಿಸಿ ಒಟಿಪಿ ಕೇಳುವವರು ಆ ಹುಡುಕಾಟದಲ್ಲೇ ಸಿಗುವುದು.

ಬ್ಯಾಂಕಿಗೆ ಕೊಡುವ ಅರ್ಜಿ ಕನ್ನಡದಲ್ಲೇ ಇರಲಿ. ಹೀಗೆ ಬರೆಯಿರಿ:

"ನನ್ನ ಉಳಿತಾಯ ಖಾತೆ ನಂಬರ್ ______ ರಿಂದ ಪ್ರತಿ ತಿಂಗಳು 10ನೇ ತಾರೀಖಿಗೆ ______ ಕಂಪನಿಗೆ ರೂ. 3,180 ನ್ಯಾಚ್ ಮೂಲಕ ಕಡಿತವಾಗುತ್ತಿದೆ. UMRN: ______. ಸದರಿ ಸಾಲವನ್ನು ದಿನಾಂಕ ______ ರಂದು ಪೂರ್ತಿ ತೀರಿಸಿದ್ದೇನೆ. ಈ ಮ್ಯಾಂಡೇಟನ್ನು ನಾನು ಹಿಂಪಡೆಯುತ್ತಿದ್ದೇನೆ. ಇದು ಒಂದು ತಿಂಗಳ ಕಂತಿಗೆ ಮಾತ್ರ ಕೊಟ್ಟ ತಡೆಯಲ್ಲ. ಮ್ಯಾಂಡೇಟನ್ನೇ ಶಾಶ್ವತವಾಗಿ ರದ್ದು ಮಾಡಬೇಕು. ಇದೇ ಖಾತೆಯ ಅಟಲ್ ಪಿಂಚಣಿ ಕಡಿತ ಎಂದಿನಂತೆ ಮುಂದುವರಿಯಲಿ."

ಕೊನೆಯ ಮೂರು ವಾಕ್ಯ ಬಿಡಬೇಡಿ. ಕಂತಿಗೆ ತಡೆ ಕೊಡುವುದು ಬೇರೆ, ಮ್ಯಾಂಡೇಟ್ ರದ್ದು ಮಾಡುವುದು ಬೇರೆ. 'ಸ್ಟಾಪ್ ಮಾಡ್ರಿ' ಎಂದಷ್ಟೇ ಹೇಳಿದರೆ ಈ ತಿಂಗಳದ್ದಕ್ಕೆ ತಡೆ ಹಾಕಿ, ಅದಕ್ಕೊಂದು ಶುಲ್ಕ ಹಿಡಿದು ಕಳಿಸಬಹುದು, ಮುಂದಿನ ತಿಂಗಳು ಮತ್ತೆ ಶುರುವಾಗುತ್ತದೆ. ಇನ್ನೊಂದು ಕಡೆ, ಅವಸರದಲ್ಲಿ ಖಾತೆಯ ಎಲ್ಲ ಕಡಿತಗಳನ್ನೂ ಒಟ್ಟಿಗೆ ತೆಗೆದುಬಿಟ್ಟು ಪಿಂಚಣಿ ಕಂತು ನಿಂತುಹೋಗುವುದೂ ಉಂಟು. ಆರ್‌ಡಿಗೆ ಬೇರೆಯೇ ಅರ್ಜಿ ಕೊಡಿ, ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ, ಅವು ಬ್ಯಾಂಕಿನೊಳಗೆ ಬೇರೆ ಬೇರೆ ಮೇಜಿಗೆ ಹೋಗುತ್ತವೆ. UMRN ಗೊತ್ತಿಲ್ಲದಿದ್ದರೆ ಮ್ಯಾಂಡೇಟಿನ ಪ್ರತಿಯಲ್ಲಿ, ನೋಂದಣಿಯಾದಾಗ ಬಂದ ಮೆಸೇಜಿನಲ್ಲಿ ಅಥವಾ ನೆಟ್ ಬ್ಯಾಂಕಿಂಗಿನ ಮ್ಯಾಂಡೇಟ್ ಪಟ್ಟಿಯಲ್ಲಿ ಸಿಗುತ್ತದೆ. ಎಲ್ಲೂ ಸಿಗದಿದ್ದರೆ ಖಾತೆಯ ಮೇಲಿರುವ ಮ್ಯಾಂಡೇಟುಗಳನ್ನು ನೋಡಿ ಹೇಳಿ ಎಂದು ಶಾಖೆಯಲ್ಲೇ ಕೇಳಿ. ಹಾಗೆ ಕೇಳುವುದರಿಂದ ನಿಮಗೆ ಗೊತ್ತಿಲ್ಲದ ಹಳೆಯದೊಂದು ಹೊರಬಿದ್ದರೂ ಬೀಳಬಹುದು.

ಕೌಂಟರಿನಲ್ಲಿ 'ಅಕ್ಕಾರ, ಫೈನಾನ್ಸಿನವರದು ಎನ್‌ಒಸಿ ತರ್ರಿ, ಆಮ್ಯಾಲೆ ನೋಡೋಣು' ಎನ್ನುತ್ತಾರೆ. ಜಗಳಕ್ಕೆ ಹೋಗದೆ ಹೇಳಿ: 'ಸರ್, ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಡಾಕ ಯಾರ ಎನ್‌ಒಸಿನೂ ಕೇಳಂಗಿಲ್ಲ. ಖಾತೆ ನಂದು, ಮ್ಯಾಂಡೇಟಿಗೆ ಸಹಿ ಮಾಡಿದಾಕಿ ನಾನು, ಹಿಂದ ತಗೊಳ್ಳಾಕಿನೂ ನಾನ. ಅರ್ಜಿ ತಗೊಂಡು ಸೀಲ್ ಹಾಕಿ ಕೊಡ್ರಿ.' ಈ ಮಾತು ಸರಿಯಾದದ್ದೇ. ನ್ಯಾಚಿಗೆ ಮುಂಚೆ ಇಸಿಎಸ್ ಎಂಬ ವ್ಯವಸ್ಥೆ ಇದ್ದ ಕಾಲದಿಂದಲೂ ಮ್ಯಾಂಡೇಟನ್ನು ಚೆಕ್ಕಿಗೆ ಸಮ ಎಂದೇ ನೋಡುತ್ತಾರೆ, ಹಣ ಕೊಡುವವರು ಅದನ್ನು ಹಿಂಪಡೆಯಲು ಹಣ ಪಡೆಯುವವರ ಒಪ್ಪಿಗೆ ಬೇಕಿಲ್ಲ. ಸಾಲ ಬಾಕಿ ಇರುವವರಿಗೂ ಈ ಹಕ್ಕು ಇದೆ, ಆದರೆ ಮ್ಯಾಂಡೇಟ್ ರದ್ದಾದರೆ ಸಾಲ ರದ್ದಾಗುವುದಿಲ್ಲ. ಅವರು 10ರೊಳಗೆ ಬೇರೆ ದಾರಿಯಲ್ಲಿ ಕಂತು ಕಟ್ಟಿ ರಸೀದಿ ಇಟ್ಟುಕೊಳ್ಳಲೇಬೇಕು, ಇಲ್ಲವಾದರೆ ದಂಡವೂ ಸಿಬಿಲ್ ಅಂಕದ ಪೆಟ್ಟೂ ತಪ್ಪುವುದಿಲ್ಲ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ತಾರೀಖು ಮೂರೂ ಬೀಳಬೇಕು. ಬರೀ ಸೀಲು ಹೊಡೆದು ತಾರೀಖು ಬಿಟ್ಟರೆ ಆ ಕಾಗದ ಮುಂದೆ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಸಹಿ ಖಾತೆ ತೆರೆದಾಗ ಮಾಡಿದ ಸಹಿಯಂತೆಯೇ ಇರಲಿ. ಈಗ ಬೇರೆ ಥರ ಸಹಿ ಮಾಡುತ್ತಿದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ನಾಲ್ಕು ದಿನ ಮೂಲೆಯಲ್ಲಿ ಬಿದ್ದಿರುತ್ತದೆ. ಖಾತೆ ಬೇರೆ ಊರಿನ ಶಾಖೆಯಲ್ಲಿದ್ದರೆ ನಿಮ್ಮ ಊರಿನ ಶಾಖೆಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ ಹೋಗಿ.

ನಂತರ ಎರಡು ದಿನ ಬಿಟ್ಟು, ಬುಧವಾರ 5ಕ್ಕೆ, ಶಾಖೆಗೆ ಹೋಗಿ 'ರದ್ದಾಯಿತೇ' ಎಂದು ಕೇಳುವ ಬದಲು 'ಮ್ಯಾಂಡೇಟಿನ ಸ್ಥಿತಿ ಏನೆಂದು ಬರುತ್ತದೆ, ನೋಡಿ ಹೇಳಿ' ಎಂದು ಕೇಳಿ. ಮೊದಲನೆಯದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಎರಡನೆಯದಕ್ಕೆ ಪರದೆ ನೋಡಲೇಬೇಕಾಗುತ್ತದೆ. ಅಲ್ಲಿ ಇನ್ನೂ ಚಾಲ್ತಿಯಲ್ಲಿದೆ ಎಂದು ಬಂದರೆ, ಆ 10ರ ಮಟ್ಟಿಗೆ ಆ ಕಂತಿಗೆ ತಡೆಯನ್ನೂ ಹಾಕಿ ಎಂದು ಕೇಳಿ. ಇಲ್ಲಿ ತಡೆಯ ಶುಲ್ಕ ಕೊಟ್ಟರೂ ಲಾಭವೇ.

10ರ ಬೆಳಿಗ್ಗೆ ಮೆಸೇಜು ಬಾರದಿದ್ದರೆ ಆಯಿತು ಎಂದುಕೊಳ್ಳಬೇಡಿ, ಸಂಜೆ ಎಟಿಎಮ್ಮಿನಲ್ಲಿ ಮಿನಿ ಸ್ಟೇಟ್‌ಮೆಂಟ್ ತೆಗೆಯಿರಿ. ಫೈಲು ಬಂದು ನಿಮ್ಮ ಬ್ಯಾಂಕು ತಿರುಗಿಸಿದ್ದರೆ ಅದಕ್ಕೆ ಕೊಟ್ಟ ಕಾರಣ ಮುಖ್ಯ. Payment stopped by drawer ಎಂದಿದ್ದರೆ ನೀವು ಕೇಳಿದ್ದು ನಡೆದಿದೆ. Balance insufficient ಎಂದಿದ್ದರೆ ಮ್ಯಾಂಡೇಟ್ ಇನ್ನೂ ಬದುಕಿದೆ, ಹಣವಿಲ್ಲದೆ ವಾಪಸ್ ಹೋಗಿದೆ ಅಷ್ಟೆ, ಮುಂದಿನ ತಿಂಗಳು ಮತ್ತೆ ಬರುತ್ತದೆ.

ಒಂದು ವೇಳೆ 3,180 ಹೋಗಿಯೇಬಿಟ್ಟರೆ, ಸೀಲು ಬಿದ್ದ ಅರ್ಜಿಯ ತಾರೀಖು ಹೇಳಿ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ದೂರಿನ ನಂಬರು ಪಡೆಯಿರಿ, ಫೈನಾನ್ಸಿಗೂ ಹೆಚ್ಚುವರಿ ಕಂತು ವಾಪಸ್ ಕೊಡಿ ಎಂದು ಅದೇ ಇಮೇಲಿನ ಸರಣಿಯಲ್ಲೇ ಬರೆಯಿರಿ. ಸಾಲವೇ ಇಲ್ಲದ ಖಾತೆಗೆ ಬಂದ ಹಣವನ್ನು ಸಾಮಾನ್ಯವಾಗಿ ಕಂಪನಿಯೇ ಬೇಗ ತಿರುಗಿಸುತ್ತದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಹಾಕಬಹುದು, ಅದಕ್ಕೆ ದುಡ್ಡು ಕೊಡುವುದು ಬೇಕಿಲ್ಲ.

ಅಂಗಡಿಯ ಕ್ಯೂಆರ್ ಕೋಡಿನ ಆ್ಯಪ್ ನಿಮ್ಮಲ್ಲಿ ಇದ್ದೇ ಇರುತ್ತದೆ, ಅದರಲ್ಲಿ Autopay ಎಂಬ ಜಾಗವನ್ನೂ ಒಮ್ಮೆ ತೆರೆದು ನೋಡಿ. ಅಲ್ಲಿರುವುದು ಮೂರನೇ ಬಗೆಯ ಕಡಿತ. ಅದಕ್ಕೆ ಬ್ಯಾಂಕಿಗೂ ಹೋಗಬೇಕಿಲ್ಲ, ಕಂಪನಿಗೂ ಕೇಳಬೇಕಿಲ್ಲ, ಅಲ್ಲೇ ರದ್ದು ಒತ್ತಿ ಯುಪಿಐ ಪಿನ್ ಹಾಕಿದರೆ ಮುಗಿಯಿತು. ಕಡಿತಕ್ಕೆ 24 ಗಂಟೆ ಮುಂಚೆ ಮೆಸೇಜು ಕಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಕಾರ್ಡು ಮತ್ತು ಯುಪಿಐಯಂಥವಕ್ಕೆ ಹೇಳಿದ್ದು. ನ್ಯಾಚ್ ಕಂತಿಗೂ ಹಾಗೆ ಮೆಸೇಜು ಬರುತ್ತದೆ ಎಂದು ಕಾಯುತ್ತ ಕೂರಬೇಡಿ.

ಫೈನಾನ್ಸಿನವರಲ್ಲಿ ಇನ್ನೂ ಒಂದು ಬಾಕಿ ಇದೆ. ಸಾಲ ಕೊಡುವಾಗ ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಇಸಿದುಕೊಂಡಿದ್ದರೆ ಅವು ಎಷ್ಟು, ನಂಬರು ಏನು ಎಂದು ಅದೇ ಇಮೇಲಿನಲ್ಲಿ ಕೇಳಿ ವಾಪಸ್ ತರಿಸಿಕೊಳ್ಳಿ. ಕೊಡಲು ತಡ ಮಾಡಿದರೆ ಆ ನಂಬರುಗಳಿಗೆ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಕೊಡಿ, ಏಕೆಂದರೆ ಮ್ಯಾಂಡೇಟ್ ರದ್ದಾದರೂ ಚೆಕ್ಕು ತನ್ನಷ್ಟಕ್ಕೆ ಚಲಾವಣೆಯಲ್ಲೇ ಇರುತ್ತದೆ. ಬಾಕಿ ಇಲ್ಲವೆಂಬ ಪತ್ರದ ಜೊತೆಗೆ ಫಾರಂ 35ಕ್ಕೂ ಅವರ ಸಹಿ-ಸೀಲು ಹಾಕಿಸಿಕೊಳ್ಳಿ. ಗದಗ ಆರ್‌ಟಿಒದಲ್ಲಿ ಸ್ಕೂಟಿಯ ಆರ್‌ಸಿಯಿಂದ ಕಂಪನಿಯ ಹೆಸರು ತೆಗೆಸಲು ಅದನ್ನೇ ಕೇಳುತ್ತಾರೆ.